ಚಿಲ್ಲರೆ ನಗದಿನ ಪೆಟ್ಟಿಗೆಯನ್ನು ಮರಳಿ ತುಂಬುವ ಕ್ರಮ

ವ್ಯಾಪಾರಸಂಸ್ಥೆಯೊಂದರ ದೊಡ್ಡ ಪಾವತಿಗಳೆಲ್ಲ ಚೆಕ್ಕಿನ ಮೂಲಕವೊ ಬ್ಯಾಂಕಿನ ವರ್ಗಾವಣೆಯ ಮೂಲಕವೊ ನಡೆದು, ತಮ್ಮ ಹೆಜ್ಜೆಯ ಗುರುತನ್ನು ತಾವೇ ಉಳಿಸಿ ಹೋಗುತ್ತವೆ. ಆದರೆ ಹಮಾಲರ ಕೂಲಿ, ಆಟೋ ಬಾಡಿಗೆ, ಅಂಚೆಯ ಖರ್ಚು, ಬಂದವರಿಗೆ ತರಿಸಿದ ಚಹಾ, ಇವುಗಳಿಗೆಲ್ಲ ಚೆಕ್ಕು ಬರೆಯುತ್ತ ಕುಳಿತರೆ ಬರೆಯುವ ಶ್ರಮವೇ ಖರ್ಚಿಗಿಂತ ಮಿಗಿಲಾದೀತು. ಆದುದರಿಂದಲೇ ಒಂದು ನಿಶ್ಚಿತ ಮೊತ್ತವನ್ನು ಒಬ್ಬ ಗುಮಾಸ್ತರ ವಶಕ್ಕೆ ಒಪ್ಪಿಸಿ, ಅವರು ಖರ್ಚು ಮಾಡಿದಷ್ಟನ್ನೇ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ನಿಯತಕಾಲಕ್ಕೆ ತುಂಬಿಕೊಡುವ ಇಂಪ್ರೆಸ್ಟ್ ಪದ್ಧತಿ ರೂಢಿಗೆ ಬಂದಿತು. ಸರ್ಕಾರಿ ಕಚೇರಿಗಳಲ್ಲಿ ಸಾದಿಲ್ವಾರು ವೆಚ್ಚಗಳಿಗಾಗಿ ಇರುವ ‘ಖಾಯಂ ಮುಂಗಡ’ವೂ ಇದೇ ತತ್ತ್ವದ್ದು, ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿಯೂ ಇದಕ್ಕೆ ಸ್ಥಾನವುಂಟು.

ಈ ಪದ್ಧತಿಯ ಬಲವೆಲ್ಲ ಒಂದೇ ಸಮೀಕರಣದಲ್ಲಿ ಅಡಗಿದೆ: ಯಾವ ದಿನ, ಯಾವ ಗಳಿಗೆಯಲ್ಲಿ ಪೆಟ್ಟಿಗೆಯನ್ನು ತೆರೆದರೂ, ಅದರಲ್ಲಿರುವ ನಗದು ಮತ್ತು ಇನ್ನೂ ಮರುಪಾವತಿಯಾಗದ ವೋಚರುಗಳ ಮೊತ್ತ ಎರಡೂ ಕೂಡಿ ಆರಂಭದ ಮುಂಗಡಕ್ಕೆ ಸರಿಹೋಗಬೇಕು. ಇದು ಎಲ್ಲರೂ ಒಪ್ಪುವ ಮಾತೇ. ಆದರೆ ಪೆಟ್ಟಿಗೆಯಿಂದ ಹಣ ಹೊರಗೆ ಹೋದ ದಿನ ಸಂಸ್ಥೆಯ ಮುಖ್ಯ ಲೆಕ್ಕದಲ್ಲಿ ಯಾವ ಖರ್ಚೂ ದಾಖಲಾಗುವುದಿಲ್ಲವೆಂಬುದೂ, ಪೆಟ್ಟಿಗೆಯನ್ನು ಮರಳಿ ತುಂಬುವ ದಿನವೇ ಆ ಖರ್ಚುಗಳೆಲ್ಲ ಲೆಕ್ಕಕ್ಕೆ ಬರುವುವೆಂಬುದೂ ಅನೇಕರ ಗಮನಕ್ಕೆ ಬಾರದೆ ಹೋಗುತ್ತದೆ. ಈ ಲೆಕ್ಕದಲ್ಲಿ ಕಂಡುಬರುವ ತಪ್ಪುಗಳ ಪೈಕಿ ಬಹುಪಾಲು ಈ ಒಂದು ಮರೆವಿನಿಂದಲೇ ಹುಟ್ಟಿದಂಥವು.

ವಿಷಯ ಸ್ಪಷ್ಟವಾಗಲೆಂದು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮುದ್ರಣಾಲಯವಿದೆಯೆಂದು ಭಾವಿಸೋಣ. ಅದರ ಮಾಲೀಕರು ಏಪ್ರಿಲ್ 1ರಂದು ಬ್ಯಾಂಕಿನಿಂದ 10,000 ರೂಪಾಯಿಗಳನ್ನು ತೆಗೆದು ಚಿಲ್ಲರೆ ನಗದಿನ ಗುಮಾಸ್ತರಿಗೆ ಒಪ್ಪಿಸಿದರು. ಅಂದಿನ ರೋಜು ನಮೂದು ಸರಳವಾದುದು: ಚಿಲ್ಲರೆ ನಗದು ಖಾತೆಗೆ 10,000 ಡೆಬಿಟ್, ಬ್ಯಾಂಕ್ ಖಾತೆಗೆ 10,000 ಕ್ರೆಡಿಟ್. ಖರ್ಚು ಇನ್ನೂ ಆಗಿಲ್ಲ. ಸಂಸ್ಥೆಯ ಹಣ ಬ್ಯಾಂಕನ್ನು ಬಿಟ್ಟು ಪೆಟ್ಟಿಗೆಯನ್ನು ಸೇರಿತು, ಅಷ್ಟೆ.

ಮುಂದಿನ ಮೂವತ್ತು ದಿನಗಳಲ್ಲಿ ಗುಮಾಸ್ತರು ಕೊಟ್ಟ ಒಂದೊಂದು ರೂಪಾಯಿಗೂ ಪ್ರತಿಯಾಗಿ ಪೆಟ್ಟಿಗೆಗೆ ಒಂದು ವೋಚರು ಬಂದು ಸೇರಬೇಕು. ಅದರಲ್ಲಿ ಕ್ರಮಸಂಖ್ಯೆ, ದಿನಾಂಕ, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಮೊತ್ತ, ಖರ್ಚಿನ ಉದ್ದೇಶ, ಹಣ ಪಡೆದವರ ಸಹಿ, ಮಂಜೂರು ಮಾಡಿದವರ ಸಹಿ ಇರತಕ್ಕದ್ದು. ಅಂಗಡಿಯ ಬಿಲ್ಲಿದ್ದರೆ ಅದನ್ನು ಹಿಂದೆ ಲಗತ್ತಿಸತಕ್ಕದ್ದು. ಹಮಾಲರು ಬಿಲ್ಲು ಕೊಡಲಾರರೆಂಬುದು ನಿಜ. ಅಂಥಲ್ಲಿ ಕಚೇರಿಯ ವೋಚರಿನ ಮೇಲೆಯೇ ಅವರ ಸಹಿಯನ್ನೊ ಹೆಬ್ಬೆಟ್ಟಿನ ಗುರುತನ್ನೊ ಪಡೆದು, ಎಷ್ಟು ಬಂಡಲು ಕಾಗದವನ್ನು ಎಲ್ಲಿಂದ ಎಲ್ಲಿಗೆ ಇಳಿಸಿದರೆಂದು ಬರೆದರೆ ಸಾಕು. ಈಚೆಗೆ ಫೋನಿನ ಮೂಲಕ ಹಣ ಕಳಿಸಿ ಅದರ ತೆರೆಚಿತ್ರವನ್ನೇ ವೋಚರೆಂದು ಒಪ್ಪಿಸುವ ಅಭ್ಯಾಸವೊಂದು ಹಬ್ಬಿದೆ. ಹಣ ಯಾರಿಗೆ ಹೋಯಿತೆಂಬುದನ್ನು ಆ ಚಿತ್ರ ಹೇಳೀತು, ಯಾತಕ್ಕೆ ಹೋಯಿತೆಂಬುದನ್ನು ಹೇಳಲಾರದು. ಆದ್ದರಿಂದ ಅದು ವೋಚರಿನ ಬೆನ್ನಿಗಿರಬಹುದೇ ಹೊರತು ವೋಚರಿನ ಸ್ಥಾನವನ್ನು ಆಕ್ರಮಿಸಬಾರದು.

ಏಪ್ರಿಲ್ 30ರ ಸಂಜೆ ಲೆಕ್ಕಿಗರು ಗುಮಾಸ್ತರ ಸಮಕ್ಷಮದಲ್ಲಿಯೇ ಪೆಟ್ಟಿಗೆಯನ್ನು ತೆರೆಸಿದರು. ವೋಚರುಗಳನ್ನು ಕೂಡಿಸಿದಾಗ ಅಂಚೆ ಮತ್ತು ಕೊರಿಯರ್ 1,340, ಸಿಬ್ಬಂದಿಯ ಪ್ರಯಾಣ 1,865, ಹಮಾಲಿ ಮತ್ತು ಸಾಗಣೆ 2,100, ಲೇಖನ ಸಾಮಗ್ರಿ 780, ಚಹಾ ಮತ್ತು ಉಪಾಹಾರ 1,260, ಕತ್ತರಿಸುವ ಯಂತ್ರದ ಬೆಲ್ಟು ಬದಲಿಸಿದ್ದು 950, ಒಟ್ಟು 8,295 ರೂಪಾಯಿ ಆಯಿತು. ಹಾಗಿದ್ದರೆ ಪೆಟ್ಟಿಗೆಯಲ್ಲಿ 1,705 ಉಳಿದಿರಬೇಕು. ಎಣಿಸಿದಾಗ ದೊರೆತದ್ದು 1,385 ರೂಪಾಯಿ ನಗದು, ಜೊತೆಗೆ ಸಿಬ್ಬಂದಿಯೊಬ್ಬರು 300 ರೂಪಾಯಿ ಒಯ್ದುದಕ್ಕೆ ಬರೆದಿಟ್ಟ ಕೈಗಡದ ಚೀಟಿ.

ಈ ಚೀಟಿ ವೋಚರಿನಂತೆಯೇ ಕಂಡರೂ ವೋಚರಲ್ಲ. ವೋಚರು ಮುಗಿದುಹೋದ ಖರ್ಚಿನ ಸಾಕ್ಷಿ. ಚೀಟಿಯಾದರೊ ಮರಳಿ ಬರಬೇಕಾದ ಹಣದ ಜ್ಞಾಪಕ. ಅದನ್ನು ಖರ್ಚಿಗೆ ಸೇರಿಸಿ ಮರುಪಾವತಿ ಪಡೆದುಬಿಟ್ಟರೆ, ನಾಳೆ ಆ ಹಣ ಮರಳಿ ಬಂದಾಗ ಪೆಟ್ಟಿಗೆಯಲ್ಲಿ ಲೆಕ್ಕಕ್ಕಿಲ್ಲದ 300 ರೂಪಾಯಿ ಕುಳಿತಿರುತ್ತದೆ, ಮತ್ತು ಲೆಕ್ಕಕ್ಕಿಲ್ಲದ ಹಣಕ್ಕೆ ಒಡೆಯರು ಬೇಗ ಹುಟ್ಟಿಕೊಳ್ಳುತ್ತಾರೆ. ಲೆಕ್ಕಿಗರು ಆ ಸಿಬ್ಬಂದಿಯನ್ನು ಕರೆಸಿ ಅಂದೇ ಹಣವನ್ನು ಕಟ್ಟಿಸಿಕೊಂಡು ಚೀಟಿಯನ್ನು ಹರಿದರು. ಈಗ ನಗದು 1,685 ಆಯಿತು; ಇರಬೇಕಾದದ್ದಕ್ಕಿಂತ 20 ರೂಪಾಯಿ ಕಡಿಮೆ. ಗುಮಾಸ್ತರು ತಮ್ಮ ಜೇಬಿನಿಂದ ಅದನ್ನು ತುಂಬಲು ಮುಂದಾದರೂ ಲೆಕ್ಕಿಗರು ಒಪ್ಪಲಿಲ್ಲ. ಕೊರತೆಯನ್ನು ಜೇಬಿನಿಂದ ತುಂಬುವುದು ರೂಢಿಯಾದರೆ ಮಿಕ್ಕದ್ದನ್ನು ಜೇಬಿಗೆ ಹಾಕಿಕೊಳ್ಳುವುದೂ ರೂಢಿಯಾಗುತ್ತದೆ. ಎರಡನ್ನೂ ಕೊರತೆ-ಮಿಗತೆಯ ಖಾತೆಯಲ್ಲಿ ಬಹಿರಂಗವಾಗಿ ತೋರಿಸುವುದೇ ಲೇಸು.

ಇನ್ನು ವರ್ಗೀಕರಣ. ಗುಮಾಸ್ತರು ತಮ್ಮ ಪುಸ್ತಕದ ಅಂಕಣಗಳಲ್ಲಿ ಖರ್ಚನ್ನು ಅದರ ರೂಪವನ್ನು ನೋಡಿ ವಿಂಗಡಿಸಿದ್ದರು. ಲೆಕ್ಕಿಗರು ಅದನ್ನು ಉದ್ದೇಶವನ್ನು ನೋಡಿ ಮತ್ತೊಮ್ಮೆ ವಿಂಗಡಿಸಬೇಕಾಯಿತು. ‘ಹಮಾಲಿ ಮತ್ತು ಸಾಗಣೆ’ ಎಂಬ ಒಂದೇ ಅಂಕಣದ 2,100ರಲ್ಲಿ 1,500 ರೂಪಾಯಿ ಗಿರಣಿಯಿಂದ ಬಂದ ಕಾಗದವನ್ನು ಗೋದಾಮಿಗೆ ಸೇರಿಸಲು ತಗಲಿದ್ದು. ಅದು ಕಾಗದದ ಬೆಲೆಯ ಭಾಗವೇ ಆದುದರಿಂದ ಒಳಸಾಗಣೆಯೆಂಬ ಹೆಸರಿನಲ್ಲಿ ವ್ಯಾಪಾರ ಖಾತೆಗೆ ಹೋಗುತ್ತದೆ. ಉಳಿದ 600, ಮುದ್ರಿತವಾದ ಆಮಂತ್ರಣ ಪತ್ರಿಕೆಗಳ ಕಟ್ಟುಗಳನ್ನು ಗದಗಿನ ಗಿರಾಕಿಗೆ ಮುಟ್ಟಿಸಿದ್ದು. ಅದು ಮಾರಾಟದ ವೆಚ್ಚವಾಗಿ, ಹೊರಸಾಗಣೆಯೆಂದು ಲಾಭ-ನಷ್ಟ ಖಾತೆಗೆ ಸೇರುತ್ತದೆ. ಎರಡನ್ನೂ ಒಂದೇ ಕಡೆ ಸುರಿದರೆ ನಿವ್ವಳ ಲಾಭ ಬದಲಾಗದಾದರೂ ಒಟ್ಟು ಲಾಭದ ಅಂಕಿ ಸುಳ್ಳಾಗುತ್ತದೆ. ಆ ಅಂಕಿಯನ್ನು ನಂಬಿ ಮುದ್ರಣದ ದರವನ್ನು ನಿಗದಿಮಾಡುವ ಮಾಲೀಕರಿಗೆ ಅದು ಅಲ್ಪವಾದ ದೋಷವಲ್ಲ.

ಕೊರಿಯರಿನ ವೋಚರುಗಳ ನಡುವೆ 160 ರೂಪಾಯಿಯದೊಂದು ಮಾಲೀಕರ ಮನೆಯಿಂದ ಅವರ ಮಗಳಿಗೆ ಹೋದ ಪೊಟ್ಟಣದ್ದಾಗಿತ್ತು. ಸಂಸ್ಥೆಯ ಹಣ ಅವರದೇ ನಿಜ. ಆದರೂ ಖರ್ಚು ಸಂಸ್ಥೆಯದಲ್ಲ. ಅದನ್ನು ಅಂಚೆಯ ಖಾತೆಯಿಂದ ಬೇರ್ಪಡಿಸಿ ಮಾಲೀಕರ ಸ್ವಂತ ಖರ್ಚಿನ ಖಾತೆಗೆ, ಎಂದರೆ ಬಂಡವಾಳದಿಂದ ಅವರು ಹಿಂದೆಗೆದ ಮೊತ್ತಕ್ಕೆ, ಸೇರಿಸಲಾಯಿತು. ಯಂತ್ರದ ಬೆಲ್ಟು ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದಿತೇ ಹೊರತು ಅದರ ಶಕ್ತಿಯನ್ನು ಹೆಚ್ಚಿಸಲಿಲ್ಲವಾದ್ದರಿಂದ ದುರಸ್ತಿಯೆಂದೇ ಉಳಿಯಿತು.

ಇಷ್ಟಾದ ಮೇಲೆ ಪೆಟ್ಟಿಗೆಯನ್ನು ತುಂಬಲು ಬೇಕಾದ ಹಣವೆಷ್ಟು? ಹತ್ತು ಸಾವಿರದಲ್ಲಿ ಕೈಯಲ್ಲಿರುವ 1,685ನ್ನು ಕಳೆದರೆ 8,315. ಚೆಕ್ಕನ್ನು ಯಾವಾಗಲೂ ಹೀಗೆ ಎಣಿಸಿದ ನಗದನ್ನು ಆಧರಿಸಿಯೇ ಬರೆಯತಕ್ಕದ್ದು; ವೋಚರುಗಳ ಮೊತ್ತವನ್ನಷ್ಟೇ ನೋಡಿ 8,295ಕ್ಕೆ ಬರೆದಿದ್ದರೆ ಪೆಟ್ಟಿಗೆ ಎಂದೆಂದಿಗೂ ಇಪ್ಪತ್ತು ರೂಪಾಯಿ ಕೊರೆಯಾಗಿಯೇ ನಿಲ್ಲುತ್ತಿತ್ತು. ಅಂದಿನ ರೋಜು ನಮೂದು ಹೀಗಿದೆ:

ಅಂಚೆ ಮತ್ತು ಕೊರಿಯರ್ ಖಾತೆ, ಡೆಬಿಟ್ 1,180
ಪ್ರಯಾಣ ವೆಚ್ಚದ ಖಾತೆ, ಡೆಬಿಟ್ 1,865
ಒಳಸಾಗಣೆ ಖಾತೆ, ಡೆಬಿಟ್ 1,500
ಹೊರಸಾಗಣೆ ಖಾತೆ, ಡೆಬಿಟ್ 600
ಲೇಖನ ಸಾಮಗ್ರಿ ಖಾತೆ, ಡೆಬಿಟ್ 780
ಉಪಾಹಾರ ವೆಚ್ಚದ ಖಾತೆ, ಡೆಬಿಟ್ 1,260
ದುರಸ್ತಿ ಖಾತೆ, ಡೆಬಿಟ್ 950
ಮಾಲೀಕರ ಸ್ವಂತ ಖರ್ಚಿನ ಖಾತೆ, ಡೆಬಿಟ್ 160
ನಗದು ಕೊರತೆ-ಮಿಗತೆ ಖಾತೆ, ಡೆಬಿಟ್ 20
ಬ್ಯಾಂಕ್ ಖಾತೆ, ಕ್ರೆಡಿಟ್ 8,315

ಓದುಗರು ಗಮನಿಸಬೇಕಾದದ್ದು ಈ ನಮೂದಿನಲ್ಲಿ ಕಾಣದಿರುವ ಹೆಸರನ್ನು. ಚಿಲ್ಲರೆ ನಗದು ಖಾತೆ ಇಲ್ಲಿ ಎಲ್ಲಿಯೂ ಇಲ್ಲ. ಪೆಟ್ಟಿಗೆಗೆ ಹಣ ಬಂದಿತಲ್ಲವೆ ಎಂಬ ತರ್ಕದಿಂದ ಹೊಸಬರು ಈ 8,315ನ್ನೂ ಆ ಖಾತೆಗೆ ಡೆಬಿಟ್ ಮಾಡಿ ಸುಮ್ಮನಾಗುವುದುಂಟು. ಆಗ ಖರ್ಚುಗಳು ಲೆಕ್ಕವನ್ನೇ ಸೇರದೆ ಲಾಭ ಉಬ್ಬಿಕೊಳ್ಳುತ್ತದೆ, ಪೆಟ್ಟಿಗೆಯಲ್ಲಿ 18,315 ರೂಪಾಯಿ ಇರುವಂತೆ ಪುಸ್ತಕ ಹೇಳುತ್ತದೆ, ಮತ್ತು ತಿಂಗಳು ತಿಂಗಳಿಗೂ ಆ ಅಂಕಿ ಏರುತ್ತ ಹೋಗುತ್ತದೆ. ತಾಳೆಪಟ್ಟಿಯಲ್ಲಿ ಚಿಲ್ಲರೆ ನಗದಿನ ಶಿಲ್ಕು ನಿಗದಿಯಾದ ಮುಂಗಡವನ್ನು ಮೀರಿದ್ದರೆ ಈ ತಪ್ಪನ್ನೇ ಮೊದಲು ಶಂಕಿಸಬೇಕು. ನಮ್ಮ ವಾಣಿಜ್ಯ ಪಠ್ಯಪುಸ್ತಕಗಳಲ್ಲಿ ಹಣ ಕೊಟ್ಟಾಗ ಚಿಲ್ಲರೆ ನಗದು ಖಾತೆಗೆ ಡೆಬಿಟ್ ಮಾಡುವ ರೀತಿಯೂ ಇದೆಯಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಇದೆ, ಆದರೆ ಅಲ್ಲಿ ಚಿಲ್ಲರೆ ನಗದು ಪುಸ್ತಕದ ಅಂಕಣಗಳ ಮೊತ್ತವನ್ನು ಆಯಾ ಖರ್ಚಿನ ಖಾತೆಗಳಿಗೆ ಡೆಬಿಟ್ ಮಾಡಿ, ಅಷ್ಟನ್ನೇ ಚಿಲ್ಲರೆ ನಗದು ಖಾತೆಗೆ ಕ್ರೆಡಿಟ್ ಮಾಡುವ ಇನ್ನೊಂದು ಹೆಜ್ಜೆಯೂ ಇರುತ್ತದೆ. ಎರಡೂ ಹೆಜ್ಜೆಗಳು ಪೂರ್ಣವಾದರೆ ಫಲ ಒಂದೇ. ಒಂದನ್ನೇ ಇಟ್ಟು ನಿಂತರೆ ಅನರ್ಥ.

ಮರುಪಾವತಿಯಾದ ಕೂಡಲೇ ಎಲ್ಲ ವೋಚರುಗಳ ಮೇಲೂ, ಹಿಂದಿನ ಬಿಲ್ಲುಗಳ ಮೇಲೂ, ‘ಪಾವತಿಯಾಗಿದೆ’ ಎಂಬ ಮುದ್ರೆ ಬೀಳಬೇಕು. ಇಲ್ಲವಾದರೆ ಏಪ್ರಿಲಿನ ಆಟೋ ಬಾಡಿಗೆ ಜೂನ್ ತಿಂಗಳಲ್ಲಿ ಮತ್ತೊಮ್ಮೆ ಎದ್ದುಬರಲು ಅಡ್ಡಿಯಿಲ್ಲ. ಅನುಭವಸ್ಥ ಲೆಕ್ಕ ಪರಿಶೋಧಕರು ಬೇರೆ ಬೇರೆ ದಿನಾಂಕದ ಬಿಲ್ಲುಗಳಲ್ಲಿ ಒಂದರ ಹಿಂದೊಂದು ಬರುವ ಕ್ರಮಸಂಖ್ಯೆಗಳನ್ನೂ, ಅಂಗಡಿ ಮುಚ್ಚಿರುವ ವಾರದ ರಜೆಯ ದಿನದ ಖರೀದಿಗಳನ್ನೂ, ಮಂಜೂರಾತಿಯ ಮಿತಿಗೆ ತುಸುವೇ ಕೆಳಗೆ ನಿಲ್ಲುವಂತೆ ಒಡೆದ ಮೊತ್ತಗಳನ್ನೂ ಹುಡುಕುತ್ತಾರೆ. ವರ್ಷವಿಡೀ ಒಂದು ರೂಪಾಯಿಯ ವ್ಯತ್ಯಾಸವೂ ಬಾರದ ಪೆಟ್ಟಿಗೆಯನ್ನು ಕಂಡರೆ ಅವರು ಮೆಚ್ಚುವುದಕ್ಕೆ ಬದಲು, ಮುಂದಿನ ತಪಾಸಣೆಗೆ ಮುನ್ಸೂಚನೆ ಕೊಡದೆ ಬರುತ್ತಾರೆ.

ಮರಳಿ ತುಂಬುವ ದಿನವೇ ಖರ್ಚು ಲೆಕ್ಕ ಸೇರುವ ದಿನವೆಂಬ ಮಾತಿನ ಪೂರ್ಣ ಪರಿಣಾಮ ಕಾಣುವುದು ಮಾರ್ಚ್ 31ರಂದು. ಅಂದು ಪೆಟ್ಟಿಗೆಯನ್ನು ತುಂಬದೆ ಬಿಟ್ಟರೆ ಒಳಗಿರುವ ವೋಚರುಗಳ ಖರ್ಚೆಲ್ಲ ಮುಂದಿನ ವರ್ಷಕ್ಕೆ ಜಾರುತ್ತದೆ. ಅಢಾವೆ ಪತ್ರಿಕೆಯಲ್ಲಿಯೂ ಇಲ್ಲದ ನಗದು ಇದ್ದಂತೆ ತೋರುತ್ತದೆ. ಆದ್ದರಿಂದ ತಿಂಗಳ ಸರದಿ ಬಂದಿರಲಿ ಬಿಡಲಿ, ವರ್ಷಾಂತ್ಯಕ್ಕೆ ಮರುಪಾವತಿ ಆಗಲೇಬೇಕು. ಬ್ಯಾಂಕಿಗೆ ರಜೆಯಾಗಿ ಅದು ಸಾಧ್ಯವಾಗದಿದ್ದರೆ, ವೋಚರುಗಳಷ್ಟು ಮೊತ್ತವನ್ನು ಖರ್ಚಿನ ಖಾತೆಗಳಿಗೆ ಡೆಬಿಟ್ ಮಾಡಿ ಚಿಲ್ಲರೆ ನಗದು ಖಾತೆಗೆ ಕ್ರೆಡಿಟ್ ಮಾಡಬೇಕು. ಏಪ್ರಿಲಿನಲ್ಲಿ ಹಣ ತುಂಬಿದಾಗ ಆ ಖಾತೆಗೇ ಮರಳಿ ಡೆಬಿಟ್ ಮಾಡಿದರೆ ಶಿಲ್ಕು ಮತ್ತೆ ಹತ್ತು ಸಾವಿರಕ್ಕೆ ಬಂದು ನಿಲ್ಲುತ್ತದೆ.

ಹಾಗಲ್ಲದೆ ಆ ಖಾತೆಯ ಅಂಕಿ ಬದಲಾಗುವುದು ಮುಂಗಡದ ಗಾತ್ರವನ್ನೇ ಬದಲಿಸಿದಾಗ ಮಾತ್ರ. ತಿಂಗಳಲ್ಲಿ ಮೂರು ಸಲ ತುಂಬಬೇಕಾಗಿ ಬಂದರೆ ಮುಂಗಡ ಸಾಲದೆಂದೂ, ತಿಂಗಳ ಕೊನೆಗೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತಿದ್ದರೆ ಹಣ ವೃಥಾ ಪೆಟ್ಟಿಗೆಯಲ್ಲಿ ಮಲಗಿದೆಯೆಂದೂ ತಿಳಿಯಬೇಕು. ನಮ್ಮ ಮುದ್ರಣಾಲಯದಲ್ಲಿ ಉಳಿದದ್ದು 1,685 ಆದುದರಿಂದ ಹತ್ತು ಸಾವಿರ ಸದ್ಯಕ್ಕೆ ಸರಿಯಾದ ಅಳತೆ. ಮದುವೆಯ ಕಾಲದಲ್ಲಿ ಆಮಂತ್ರಣ ಪತ್ರಿಕೆಗಳ ಕೆಲಸ ಏರಿ ಅದನ್ನು 15,000ಕ್ಕೆ ಹೆಚ್ಚಿಸಿದರೆ, ಅಂದು ಹೆಚ್ಚುವರಿ 5,000ವನ್ನು ಚಿಲ್ಲರೆ ನಗದು ಖಾತೆಗೆ ಡೆಬಿಟ್ ಮಾಡಿ, ಮಾಲೀಕರ ಲಿಖಿತ ಆಜ್ಞೆಯನ್ನು ಆ ದಿನದ ವೋಚರಿಗೆ ಲಗತ್ತಿಸಿಡತಕ್ಕದ್ದು.