“ಮನೆ ಖಾಲಿ ಇದೆಯಾ?” ಎಂದು ಫೋನ್ ಬಂದಾಗ

ಬೆಂಗಳೂರಿನ ವಿಜಯನಗರದಲ್ಲಿ ಒಂದು ಮನೆಯ ಗೇಟಿಗೆ ಭಾನುವಾರ ಬೆಳಿಗ್ಗೆ ‘ಟು-ಲೆಟ್’ ಬೋರ್ಡು ತೂಗುಹಾಕಿದರು ಎಂದಿಟ್ಟುಕೊಳ್ಳಿ. ಎರಡನೇ ಮಹಡಿ, ಎರಡು ಬೆಡ್‌ರೂಮು, ಬಾಡಿಗೆ 22,000 ರೂಪಾಯಿ, ಅಡ್ವಾನ್ಸ್ ಒಂದೂವರೆ ಲಕ್ಷ. ಮಧ್ಯಾಹ್ನದ ಹೊತ್ತಿಗೆ ಫೋನಿನ ಮೇಲೆ ಫೋನು. ಎಲ್ಲರಿಗೂ “ಬಂದು ನೋಡಿ” ಎಂದುಬಿಟ್ಟರೆ ಓನರ್ ಬೀಗದ ಕೈ ಹಿಡಿದು ವಾರವಿಡೀ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ಐದು ನಿಮಿಷದ ಮಾತಿನಲ್ಲೇ ಹೊಂದದವರು ಯಾರೆಂದು ತಿಳಿದರೆ ಎರಡೂ ಕಡೆಯವರಿಗೆ ಅಲೆದಾಟ ತಪ್ಪುತ್ತದೆ.

ಪ್ರಶ್ನೆಗೆ ಮೊದಲು ಮನೆಯ ಸಂಗತಿ ಹೇಳುವುದು ಒಳ್ಳೆಯದು. ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್ ಎಷ್ಟು, ಲಿಫ್ಟ್ ಇಲ್ಲ, ಬೈಕಿಗೆ ಜಾಗ ಇದೆ, ಕಾರಿಗೆ ಇಲ್ಲ. ಇಷ್ಟು ಕೇಳಿದ ಮೇಲೆ ಕೆಲವರು ತಾವಾಗಿಯೇ ಫೋನ್ ಇಡುತ್ತಾರೆ.

ಉಳಿದವರಿಗೆ ಮೊದಲ ಪ್ರಶ್ನೆ: “ಯಾವಾಗ ಬರಬೇಕು ಅಂತಿದ್ದೀರಿ?” ಸಾದಾ ಪ್ರಶ್ನೆಯಂತೆ ಕಂಡರೂ ಹೆಚ್ಚಿನದು ತಿಳಿಯುವುದು ಇದರಿಂದಲೇ. ಇವತ್ತು ತಿಂಗಳ 20ನೇ ತಾರೀಕು ಎನ್ನಿ.

“ಒಂದನೇ ತಾರೀಕಿಗೆ ಬಂದುಬಿಡ್ತೀವಿ ಮೇಡಂ.”

“ಈಗಿರೋ ಮನೆಯವರಿಗೆ ಹೇಳಿದ್ದೀರಾ?”

“ಇಲ್ಲ, ಇನ್ನೂ ಹೇಳಿಲ್ಲ.”

ಬಾಡಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ತಿಂಗಳ ನೋಟಿಸ್ ಕೊಡಬೇಕೆಂದು ಬರೆದಿರುತ್ತದೆ. ಹೇಳದೆಯೇ ಹತ್ತು ದಿನದಲ್ಲಿ ಬಿಟ್ಟು ಬರುವವರು ಮುಂದೆ ಈ ಮನೆಯನ್ನೂ ಹಾಗೆಯೇ ಬಿಡಬಹುದು. ಅಡ್ವಾನ್ಸ್ ವಿಷಯವೂ ಇದರ ಬೆನ್ನಿಗೇ ಇದೆ. ಎಷ್ಟೋ ಜನ ಹೊಸ ಮನೆಗೆ ಕೊಡಬೇಕಾದ ಹಣ ಹಳೆಯ ಓನರ್ ಬಳಿ ಇರುತ್ತದೆ, ಖಾಲಿ ಮಾಡಿದ ಮೇಲಷ್ಟೇ ಅದು ಕೈಗೆ ಬರುತ್ತದೆ. “ಅರ್ಧ ಈಗ, ಅರ್ಧ ಆಮೇಲೆ” ಎಂಬ ಮಾತು ಸಾಮಾನು ಇಳಿಸುವ ದಿನ ಬರುವುದಕ್ಕಿಂತ ಫೋನಿನಲ್ಲೇ ಬರಲಿ. ಆದ್ದರಿಂದ “ಅಡ್ವಾನ್ಸ್ ಪೂರ್ತಿ ಯಾವಾಗ ಕೊಡಬಲ್ಲಿರಿ?” ಎಂದು ಆಗಲೇ ಕೇಳಿಬಿಡಬೇಕು.

ಎರಡನೆಯದು, “ಯಾರ್ಯಾರು ಇರ್ತೀರಿ?” “ನಾಲ್ಕು ಜನ ತಾನೇ?” ಎಂದು ಕೇಳಿದರೆ ಯಾರಾದರೂ ಹೌದೆನ್ನುತ್ತಾರೆ, ಉತ್ತರವನ್ನು ನಾವೇ ಅವರ ಬಾಯಿಗೆ ಹಾಕಬಾರದು. “ನಾನು, ಹೆಂಡತಿ, ಮಗು, ಅಮ್ಮ. ಅಮ್ಮನಿಗೆ ಮೊಣಕಾಲು ನೋವು” ಎಂದರೆ ಲಿಫ್ಟಿಲ್ಲದ ಎರಡನೇ ಮಹಡಿ ಅವರಿಗೆ ಆಗಿಬರುವುದಿಲ್ಲ. ಮನೆ ಹುಡುಕುವ ಅವಸರದಲ್ಲಿ ಅದನ್ನು ಅವರೇ ಮರೆತಿರಬಹುದು, ನೆನಪಿಸಿದರೆ ಉಪಕಾರವೇ. ಗಾಡಿ ಎಷ್ಟು, ನಾಯಿ ಇದೆಯೇ ಎಂಬುದೂ ಇದೇ ಪ್ರಶ್ನೆಗೆ ಸೇರುತ್ತದೆ.

ಮೂರನೆಯದು ಕೆಲಸ ಮತ್ತು ವರಮಾನ. ಬಾಡಿಗೆಯು ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ದಾಟಬಾರದು ಎಂಬುದು ಹಲವರು ಪಾಲಿಸುವ ಲೆಕ್ಕ. 22,000ಕ್ಕೆ ಸುಮಾರು 66,000 ಆಯಿತು. ಇದು ಅಂದಾಜಷ್ಟೇ: ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿರಬಹುದು, ಅಂಗಡಿ ನಡೆಸುವವರಿಗೆ ತಿಂಗಳ ಸಂಬಳವೇ ಇರುವುದಿಲ್ಲ. ಮೊದಲ ಮಾತಿನಲ್ಲೇ ಸಂಬಳದ ಚೀಟಿ ಕೇಳುವುದು ಚೆನ್ನಾಗಿರದು. “ಬಾಡಿಗೆ ಐದನೇ ತಾರೀಕಿನೊಳಗೆ ಬೇಕು, ನಿಮಗೆ ಹೊಂದುತ್ತಾ?” ಎಂದರೆ ಸಾಕು, ಅವರೇ ವಿವರ ಹೇಳುತ್ತಾರೆ.

“ಈಗಿನ ಮನೆ ಯಾಕೆ ಬಿಡ್ತಿದ್ದೀರಿ?” ಎಂಬುದು ಕೊನೆಗಿರಲಿ. ಆಫೀಸು ದೂರವಾಯಿತು, ಮಗುವಿನ ಶಾಲೆ ಬದಲಾಯಿತು ಎಂಬ ಕಾರಣಗಳನ್ನು ಹೇಳಲು ಯಾರೂ ತಡವರಿಸುವುದಿಲ್ಲ. ಓನರ್ ಜೊತೆ ಜಗಳವಾಯಿತು ಎಂದಮಾತ್ರಕ್ಕೆ ತಪ್ಪು ಬಾಡಿಗೆದಾರರದೇ ಎನ್ನುವಂತಿಲ್ಲ. “ಮನೆ ಒಪ್ಪಿಗೆಯಾದ ಮೇಲೆ ಅವರ ಜೊತೆ ಒಂದು ಮಾತಾಡಬಹುದಾ?” ಎಂದು ಕೇಳಿ ನೋಡಬೇಕು. 11 ತಿಂಗಳ ಕರಾರು, ಗುರುತಿನ ದಾಖಲೆ, ಪೊಲೀಸ್ ವೆರಿಫಿಕೇಶನ್ ಇರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಇದಕ್ಕೆ ಒಪ್ಪದವರು ಇಲ್ಲೇ ಹಿಂದೆ ಸರಿಯುತ್ತಾರೆ.

ಜಾತಿ, ಧರ್ಮ ಕೇಳುವ ರೂಢಿ ಇನ್ನೂ ಇದೆ. ಬಾಡಿಗೆ ಸಮಯಕ್ಕೆ ಬರುತ್ತದೆಯೇ, ಮನೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂಬುದು ಆ ಉತ್ತರದಿಂದ ಒಂದಿಷ್ಟೂ ತಿಳಿಯುವುದಿಲ್ಲ. ಕೇಳಿಸಿಕೊಂಡವರ ಮನಸ್ಸಿಗೆ ಮಾತ್ರ ನೋವಾಗುತ್ತದೆ.

ಒಂದು ಬಗೆಯ ಫೋನಿನಲ್ಲಿ ಮಾತ್ರ ಎಲ್ಲ ಪ್ರಶ್ನೆಗೂ ಸಲೀಸಾದ ಉತ್ತರ ಸಿಗುತ್ತದೆ. ಆನ್‌ಲೈನ್ ಜಾಹೀರಾತು ನೋಡಿದೆ, ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಮನೆ ನೋಡುವುದೇನೂ ಬೇಡ, ಅಡ್ವಾನ್ಸ್ ಈಗಲೇ ಹಾಕುತ್ತೇನೆ ಎನ್ನುತ್ತಾರೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ; ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಓನರ್ ಖಾತೆಯಿಂದಲೇ ದುಡ್ಡು ಹೋಗುತ್ತದೆ. ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ. “ಮನೆ ನೋಡೋಕೆ ಯಾರು, ಯಾವಾಗ ಬರ್ತೀರಿ?” ಎಂದು ಕೇಳಿ, ಖಚಿತ ಉತ್ತರ ಬರದಿದ್ದರೆ ಮಾತು ನಿಲ್ಲಿಸಬೇಕು.

ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು: ಹೆಸರು, ಎಷ್ಟು ಜನ, ಯಾವ ತಾರೀಕು, ಅಡ್ವಾನ್ಸ್ ಯಾವಾಗ. ಶನಿವಾರ ಸಂಜೆ ಅವರು ಮನೆ ನೋಡಲು ಬಂದಾಗ ಅದೇ ಪುಟ ತೆರೆದು, ಫೋನಿನಲ್ಲಿ ಹೇಳಿದ ನಾಲ್ಕು ಜನ ಈಗ ಆರಾಗಿದ್ದಾರೆಯೇ ಎಂದು ನೋಡಿಕೊಳ್ಳಬಹುದು.