ನಾನೂರು ಗಂಟೆ ಉಳಿದರೆ ಸಂಬಳ ಉಳಿಯುತ್ತದೆಯೇ?

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಇದೆ ಎಂದುಕೊಳ್ಳಿ. ಅದರ ಕಂಪ್ಯೂಟರ್ ವಿಭಾಗದಲ್ಲಿರುವುದು ಮೂರು ಜನ. 30 ಸರ್ವರ್, ಜೊತೆಗೆ ಸ್ವಿಚ್, ಸ್ಟೋರೇಜ್ ಎಲ್ಲ ಸೇರಿ 40 ಯಂತ್ರಗಳು ಅವರ ಪಾಲಿಗಿವೆ. ದಿನಾ ಬೆಳಿಗ್ಗೆ ಆ ಮೂವರಲ್ಲಿ ಒಬ್ಬರು ಒಂದೊಂದೇ ಯಂತ್ರಕ್ಕೆ ಲಾಗಿನ್ ಆಗುತ್ತಾರೆ. ಡಿಸ್ಕಿನಲ್ಲಿ ಜಾಗ ಎಷ್ಟಿದೆ, ರಾತ್ರಿ ಬ್ಯಾಕಪ್ ಮುಗಿಯಿತೇ, ಬಿಲ್ಲಿಂಗ್ ತಂತ್ರಾಂಶ ಎದ್ದು ಕೂತಿದೆಯೇ ಎಂದು ನೋಡಿ ಎಕ್ಸೆಲ್ ಹಾಳೆಯಲ್ಲಿ ಟಿಕ್ ಹಾಕುತ್ತಾರೆ. ಒಂದು ಯಂತ್ರಕ್ಕೆ ಮೂರು ನಿಮಿಷ ಹಿಡಿದರೂ ಎರಡು ಗಂಟೆ ಆಯಿತು. ವರ್ಷಕ್ಕೆ 300 ಕೆಲಸದ ದಿನ ಎಂದರೆ 600 ಗಂಟೆ.

ಇದೇ ಕೆಲಸವನ್ನು ತಾನೇ ಮಾಡುವ ತಂತ್ರಾಂಶಕ್ಕೆ ಮಾನಿಟರಿಂಗ್ ಟೂಲ್ ಎನ್ನುತ್ತಾರೆ. ಪ್ರತಿ ಸರ್ವರಿನಲ್ಲೂ ಅದರ ಒಂದು ಪುಟ್ಟ ಪ್ರೋಗ್ರಾಂ ಕೂತಿರುತ್ತದೆ. ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತದೆ. ನಾವು ಹಾಕಿದ ಮಿತಿ ದಾಟಿದರೆ ಸಂಬಂಧಪಟ್ಟವರ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗುತ್ತದೆ. ಇದು ಬೇಕು ಅಂತ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಣ ಮಂಜೂರು ಮಾಡಬೇಕಾದವರು ಮಾತ್ರ ಹಣಕಾಸು ನಿರ್ದೇಶಕರು. ಅವರಿಗೊಂದು ಪತ್ರ ಬರೆಯಬೇಕು.

ಸಾಮಾನ್ಯವಾಗಿ ಆ ಪತ್ರದಲ್ಲಿ ಇರುವುದು ಒಂದೇ ಗುಣಾಕಾರ. ಇಷ್ಟು ಗಂಟೆ ಉಳಿಯುತ್ತದೆ, ಗಂಟೆಗೆ ಇಷ್ಟು ಸಂಬಳ, ಆದ್ದರಿಂದ ಇಷ್ಟು ಲಕ್ಷ ಉಳಿತಾಯ. ಇಡೀ ಪತ್ರದಲ್ಲಿ ಅತ್ಯಂತ ದುರ್ಬಲವಾದ ಸಾಲು ಅದೇ ಎನ್ನುವುದು ನನ್ನ ಅಭಿಪ್ರಾಯ. ಓದುವವರ ಮನಸ್ಸಿನಲ್ಲಿ ತಕ್ಷಣ ಏಳುವ ಪ್ರಶ್ನೆ ಇಷ್ಟೇ: ಮುಂದಿನ ತಿಂಗಳು ನಿಮ್ಮ ವಿಭಾಗದ ಸಂಬಳದ ಮೊತ್ತ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ. ಮೂವರೂ ಇರುತ್ತಾರೆ, ಮೂವರಿಗೂ ಸಂಬಳ ಹೋಗುತ್ತದೆ. ಹಾಗಾದರೆ ಉಳಿದ ಲಕ್ಷ ಯಾವ ಖಾತೆಯಲ್ಲಿ ಕಾಣುತ್ತದೆ?

ಇನ್ನೊಂದು ತೊಡಕೂ ಇದೆ. ಟೂಲ್ ಮಾರುವವರು ಕೊಡುವ ಮಾದರಿ ಪತ್ರಗಳು ಅಮೆರಿಕದ ಸಂಬಳ ಇಟ್ಟುಕೊಂಡು ಬರೆದವು. ಅಲ್ಲಿ ಇಂಜಿನಿಯರ್ ಒಬ್ಬರ ಒಂದು ಗಂಟೆ ದುಬಾರಿ, ಹಾಗಾಗಿ ಗುಣಾಕಾರದ ಉತ್ತರ ದೊಡ್ಡದಾಗಿ ಬರುತ್ತದೆ. ನಮ್ಮ ಕಾರ್ಖಾನೆಯ ಇಂಜಿನಿಯರಿಗೆ ಪಿಎಫ್, ವಿಮೆ, ಬೋನಸ್ ಎಲ್ಲ ಸೇರಿ ವರ್ಷಕ್ಕೆ 6 ಲಕ್ಷ ಎಂದಿಟ್ಟುಕೊಳ್ಳೋಣ. ರಜೆ ಕಳೆದು ನಿಜವಾಗಿ ಕೆಲಸಕ್ಕೆ ಸಿಗುವುದು ಸುಮಾರು 2,000 ಗಂಟೆ. ಅಂದರೆ ಗಂಟೆಗೆ 300 ರೂಪಾಯಿ. ಟೂಲಿನ ಬೆಲೆ ಡಾಲರಿನಲ್ಲಿ, ಸಂಬಳ ರೂಪಾಯಿಯಲ್ಲಿ ಇದ್ದಾಗ ಗಂಟೆಗಳ ಲೆಕ್ಕವೊಂದರಿಂದಲೇ ಖರ್ಚು ಹುಟ್ಟುವುದು ಕಷ್ಟ.

ಹಾಗಂತ ಗಂಟೆಗಳನ್ನು ಎಣಿಸುವುದೇ ಬೇಡ ಎಂದಲ್ಲ. ಎಣಿಸಬೇಕು, ಅದೂ ಸರಿಯಾಗಿ ಎಣಿಸಬೇಕು. ನೆನಪಿನಿಂದ ಹೇಳಿದ ಅಂಕಿ ಯಾವಾಗಲೂ ಹಿಗ್ಗಿರುತ್ತದೆ. ಬೇಸರದ ಕೆಲಸ ಉದ್ದವಾಗಿಯೇ ನೆನಪಿರುವುದು. ಎರಡು ವಾರ ಗಡಿಯಾರ ಇಟ್ಟು ಬರೆದಿಡಬೇಕು. ಆ ಎರಡು ವಾರದಲ್ಲಿ ತಿಂಗಳ ಕೊನೆಯೂ ಒಂದಿರಬೇಕು, ಏಕೆಂದರೆ ಲೆಕ್ಕ ಮುಗಿಸುವ ದಿನಗಳಲ್ಲಿ ಸರ್ವರ್‌ಗಳ ಮೇಲೆ ಹೊರೆ ಬೇರೆಯೇ ಇರುತ್ತದೆ. ಟೂಲ್ ಬಂದ ಮೇಲೆ ಅದಕ್ಕೆ ಹಿಡಿಯುವ ಸಮಯವನ್ನೂ ಕಳೆಯಬೇಕು. ಬಹಳ ಜನ ಮರೆಯುವುದು ಇದನ್ನೇ. ಬೆಳಿಗ್ಗೆ ಪರದೆ ನೋಡುವುದಕ್ಕೆ 20 ನಿಮಿಷ ಬೇಕು, ಅದು ವರ್ಷಕ್ಕೆ 100 ಗಂಟೆ. ಹೊಸ ಯಂತ್ರ ಸೇರಿಸಲು, ಮಿತಿಗಳನ್ನು ತಿದ್ದಲು ತಿಂಗಳಿಗೆ 8 ಗಂಟೆ ಎಂದರೆ ಅದೂ ಹತ್ತಿರ ಹತ್ತಿರ 100. ಹಾಗಾಗಿ 600 ಗಂಟೆಯಲ್ಲಿ ನಿಜವಾಗಿ ಉಳಿಯುವುದು 400.

ಈ ನಾನೂರಕ್ಕೆ ಬೆಲೆ ಕಟ್ಟುವ ಬದಲು, ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರೆ ಪತ್ರಕ್ಕೆ ತೂಕ ಬರುತ್ತದೆ. ಜೊತೆಗೆ ಲೆಡ್ಜರಿನಲ್ಲಿ ನಿಜವಾಗಿ ನಿಲ್ಲುವ ಖರ್ಚು ಯಾವುದಾದರೂ ಇದೆಯೇ ಎಂದು ಹುಡುಕಬೇಕು. ನಮ್ಮ ಕಾರ್ಖಾನೆಯಲ್ಲಿ ಅಂಥದ್ದೊಂದಿದೆ. ಭಾನುವಾರ, ಹಬ್ಬದ ದಿನ ಸರ್ವರ್ ನೋಡಿಕೊಳ್ಳಲು ಹೊರಗಿನ ಏಜೆನ್ಸಿಗೆ ತಿಂಗಳಿಗೆ 7,500 ರೂಪಾಯಿ ಹೋಗುತ್ತಿದೆ. ಇದನ್ನೆಲ್ಲ ಇಟ್ಟುಕೊಂಡು ಬರೆದರೆ ಪತ್ರ ಹೀಗಾಗುತ್ತದೆ:

ಮಾನ್ಯ ಹಣಕಾಸು ನಿರ್ದೇಶಕರಿಗೆ,

ವಿಷಯ: ಸರ್ವರ್ ನಿಗಾ ವ್ಯವಸ್ಥೆಗೆ ಮೂರು ವರ್ಷಕ್ಕೆ 2,40,000 ರೂಪಾಯಿ ಮಂಜೂರಾತಿ ಕೋರಿ.

ನಮ್ಮ 40 ಯಂತ್ರಗಳ ದೈನಂದಿನ ತಪಾಸಣೆಯನ್ನು ಈಗ ಕೈಯಾರೆ ಮಾಡುತ್ತಿದ್ದೇವೆ. ಎರಡು ವಾರ ಅಳೆದು ನೋಡಿದಾಗ ದಿನಕ್ಕೆ ಸರಾಸರಿ ಎರಡು ಗಂಟೆ ಹಿಡಿಯಿತು. ದಿನವಾರು ಹಾಳೆ ಲಗತ್ತಿಸಿದ್ದೇನೆ. ತಪಾಸಣೆ ದಿನಕ್ಕೆ ಒಮ್ಮೆ ಮಾತ್ರ ನಡೆಯುವುದರಿಂದ, ಬೆಳಿಗ್ಗೆ ಹತ್ತೂವರೆಯ ನಂತರ ಏನಾದರೂ ಕೆಟ್ಟರೆ ನಮಗೆ ತಿಳಿಯುವುದು ಬಳಕೆದಾರರು ಫೋನ್ ಮಾಡಿದಾಗಲೇ.

ಲೈಸೆನ್ಸ್ ಶುಲ್ಕ ಇಲ್ಲದ ಮುಕ್ತ ತಂತ್ರಾಂಶವನ್ನು ನಮ್ಮಲ್ಲಿರುವ ಯಂತ್ರದ ಮೇಲೆಯೇ ಅಳವಡಿಸಬಹುದು. ಅಳವಡಿಕೆ ಮತ್ತು ತರಬೇತಿಗೆ ಒಮ್ಮೆ 90,000, ಬೆಂಬಲ ಮತ್ತು ಎಸ್ಸೆಮ್ಮೆಸ್‌ಗೆ ವರ್ಷಕ್ಕೆ 50,000 ರೂಪಾಯಿ ಬೇಕು.

ಮೊದಲ ಆರು ತಿಂಗಳು ಹಳೆಯ ತಪಾಸಣೆ ಮತ್ತು ಹೊಸ ವ್ಯವಸ್ಥೆ ಎರಡೂ ಒಟ್ಟಿಗೆ ನಡೆಯುತ್ತವೆ. ಆಗ ಯಾವ ಉಳಿತಾಯವೂ ಇಲ್ಲ. ಏಳನೇ ತಿಂಗಳಿನಿಂದ ಭಾನುವಾರದ ಏಜೆನ್ಸಿಯನ್ನು ನಿಲ್ಲಿಸುತ್ತೇವೆ. ಮೂರು ವರ್ಷದಲ್ಲಿ ಇದರಿಂದ ಉಳಿಯುವ ನಗದು 2,25,000 ರೂಪಾಯಿ. ಕೈಯಿಂದ ಹೋಗುವುದು 15,000.

ಎರಡನೇ ವರ್ಷದಿಂದ ವಾರ್ಷಿಕ 400 ಗಂಟೆ ಬಿಡುವಾಗುತ್ತದೆ. ಇದರಿಂದ ಸಂಬಳದ ವೆಚ್ಚ ಇಳಿಯುವುದಿಲ್ಲ, ಆದ್ದರಿಂದ ಇದನ್ನು ರೂಪಾಯಿಯಲ್ಲಿ ತೋರಿಸಿಲ್ಲ. ಇದರಲ್ಲಿ 240 ಗಂಟೆಯನ್ನು, ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿರುವ ಬ್ಯಾಕಪ್ ಮರುಸ್ಥಾಪನೆ ಪರೀಕ್ಷೆಗೆ ಬಳಸುತ್ತೇವೆ: 30 ಸರ್ವರ್, ವರ್ಷಕ್ಕೆ ಎರಡು ಸಲ, ಒಂದಕ್ಕೆ ನಾಲ್ಕು ಗಂಟೆ. ಉಳಿದದ್ದು ಬಾಕಿ ಬಿದ್ದಿರುವ ಭದ್ರತಾ ಪ್ಯಾಚುಗಳಿಗೆ.

ಆರನೇ ತಿಂಗಳ ಕೊನೆಗೆ ಇದೇ ಹಾಳೆಯನ್ನು ಮತ್ತೆ ಅಳೆದು ತಮ್ಮ ಮುಂದಿಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮುಖ್ಯಸ್ಥರು, ಕಂಪ್ಯೂಟರ್ ವಿಭಾಗ

ಈ ಪತ್ರದಲ್ಲಿ 400ನ್ನು 300ರಿಂದ ಗುಣಿಸಿ 1,20,000 ಎಂದು ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಬರೆದಿದ್ದರೆ ನಿರ್ದೇಶಕರು ಅದನ್ನು ಹೊಡೆದುಹಾಕುತ್ತಿದ್ದರು, ಪಕ್ಕದಲ್ಲಿರುವ ನಿಜವಾದ 2,25,000ದ ಮೇಲೂ ಅನುಮಾನ ಪಡುತ್ತಿದ್ದರು. ತೆರಿಗೆಯ ವಿಷಯವನ್ನು ಮಾತ್ರ ಬರೆಯುವ ಮುಂಚೆಯೇ ಲೆಕ್ಕ ವಿಭಾಗದವರನ್ನು ಕೇಳಿಕೊಳ್ಳುವುದು ಒಳ್ಳೆಯದು. ಇಂಥ ಸೇವೆಗಳ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ತೆರಿಗೆ ಇರುವ ಸರಕು ಮಾರುವ ಕಾರ್ಖಾನೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಬಹುದು. ಆದರೆ ಶಾಲೆ, ಆಸ್ಪತ್ರೆಗಳ ಸೇವೆಗೆ ಬಹುಮಟ್ಟಿಗೆ ತೆರಿಗೆ ವಿನಾಯಿತಿ ಇರುವುದರಿಂದ ಅವರಿಗೆ ಆ ಹಣ ಖರ್ಚೇ.

ಮುಕ್ತ ತಂತ್ರಾಂಶ ಎಂದಾಗ ಝಾಬಿಕ್ಸ್, ನಾಗಿಯೋಸ್, ಪ್ರೊಮೀಥಿಯಸ್ ಇವು ಹೆಚ್ಚು ಕೇಳಿಬರುವ ಹೆಸರುಗಳು. ಲೈಸೆನ್ಸಿಗೆ ಹಣ ಇಲ್ಲ ಎಂದಮಾತ್ರಕ್ಕೆ ಪುಕ್ಕಟೆ ಎಂದುಕೊಳ್ಳಬಾರದು. ಪತ್ರದಲ್ಲಿನ 90,000 ರೂಪಾಯಿ ಅದಕ್ಕೇ. ಅಳವಡಿಸಿದ ಮೊದಲ ವಾರಗಳಲ್ಲಿ ಎಚ್ಚರಿಕೆಗಳ ಮಳೆ ಸುರಿಯುತ್ತದೆ. ಡಿಸ್ಕು ಶೇ. 80 ತುಂಬಿದರೆ ಕೂಗು ಎಂದು ಎಲ್ಲ ಯಂತ್ರಕ್ಕೂ ಒಂದೇ ಮಿತಿ ಹಾಕಿರುತ್ತಾರೆ. 50 ಜಿಬಿ ಡಿಸ್ಕಿಗೆ ಅದು ಸರಿ. 4 ಟಿಬಿ ಡಿಸ್ಕಿನಲ್ಲಿ ಇನ್ನೂ 800 ಜಿಬಿ ಖಾಲಿ ಇರುವಾಗಲೇ ನಡುರಾತ್ರಿ ಮೊಬೈಲು ಕೂಗುತ್ತದೆ. ಹೀಗೆ ನಾಲ್ಕು ಸಲ ಎದ್ದವರು ಐದನೇ ಸಲ ಮೊಬೈಲನ್ನು ಸೈಲೆಂಟಿಗೆ ಹಾಕಿ ಮಲಗುತ್ತಾರೆ, ಆ ಹೊತ್ತಿನಲ್ಲಿ ಬಂದ ನಿಜವಾದ ಎಚ್ಚರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಂದ ಎಚ್ಚರಿಕೆಗಳಲ್ಲಿ ಎಷ್ಟಕ್ಕೆ ನಿಜವಾಗಿ ಎದ್ದು ಏನಾದರೂ ಮಾಡಬೇಕಾಯಿತು ಎಂಬ ಲೆಕ್ಕ ಇಟ್ಟರೆ ವ್ಯವಸ್ಥೆ ಸುಸ್ಥಿತಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.

ಎಚ್ಚರಿಕೆ ಕಳಿಸುವ ದಾರಿಯೇ ಕೆಟ್ಟಿದ್ದರೆ? ಜಗತ್ತಿನಾದ್ಯಂತ ಪ್ರೋಗ್ರಾಂ ಬರೆಯುವವರು ಬಳಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಇದೇ ಆಯಿತು. ತೊಂದರೆಯೊಂದನ್ನು ಸರಿಪಡಿಸುತ್ತಿದ್ದ ಇಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿಬಿಟ್ಟರು. ಬ್ಯಾಕಪ್ ತೆಗೆಯೋಣ ಎಂದು ನೋಡಿದರೆ ಅದು ಇರಲೇ ಇಲ್ಲ. ಡೇಟಾಬೇಸಿನ ಆವೃತ್ತಿ ಒಂದು, ಬ್ಯಾಕಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ ಇನ್ನೊಂದು. ಹಾಗಾಗಿ ಬ್ಯಾಕಪ್ ಸುಮ್ಮನೆ ವಿಫಲವಾಗುತ್ತಿತ್ತು. ವಿಫಲವಾದಾಗ ಇಮೇಲ್ ಹೋಗುವ ಏರ್ಪಾಡೇನೋ ಇತ್ತು. ಆದರೆ ಆ ಇಮೇಲುಗಳಿಗೆ ಬೇಕಾದ ಸಹಿ ಇಲ್ಲವೆಂದು ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಪರೀಕ್ಷೆಗೆಂದು ಯಾರೋ ಸುಮಾರು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿತು. ನಡುವಿನ ಆರು ಗಂಟೆಯ ಮಾಹಿತಿ ಹೋಯಿತು. ನಡೆದದ್ದನ್ನೆಲ್ಲ ಸಂಸ್ಥೆ ತಾನೇ ಬಹಿರಂಗವಾಗಿ ಬರೆದುಕೊಂಡಿದ್ದರಿಂದ ಇದು ಹೊರಗೆ ತಿಳಿದಿದೆ.

ಪತ್ರದಲ್ಲಿ 240 ಗಂಟೆಯನ್ನು ಮರುಸ್ಥಾಪನೆ ಪರೀಕ್ಷೆಗೆ ಎತ್ತಿಟ್ಟಿರುವುದಕ್ಕೆ ಕಾರಣ ಇಲ್ಲಿದೆ. ಬ್ಯಾಕಪ್ ಕೆಲಸ ಮುಗಿದಿದೆ ಎಂದು ಟೂಲ್ ಹೇಳಬಲ್ಲದು. ಬ್ಯಾಕಪ್ಪಿನಿಂದ ಕಡತ ನಿಜವಾಗಿ ವಾಪಸ್ ಬರುತ್ತದೆಯೇ ಎನ್ನುವುದನ್ನು ತೆಗೆದೇ ನೋಡಬೇಕು. ಬೆಳಗಿನ ಟಿಕ್ ಹಾಕುವುದರಲ್ಲಿ ಕಳೆಯುತ್ತಿದ್ದ ಸಮಯ ಈ ಕೆಲಸಕ್ಕೆ ಬಂದರೆ, ಅದೇ ಸಂಬಳಕ್ಕೆ ಹೆಚ್ಚು ಬೆಲೆಯ ಕೆಲಸ ಆಗುತ್ತದೆ.

ಮುಂದೆ ಬರಲಿರುವ ಗಂಟೆಗಳ ಮಾತೂ ಒಂದಿದೆ. ಜಾಲತಾಣಗಳ ವಿಳಾಸದ ಪಕ್ಕ ಬೀಗದ ಗುರುತಿಗೆ ಆಧಾರವಾಗಿರುವ ಡಿಜಿಟಲ್ ಪ್ರಮಾಣಪತ್ರಗಳ ಆಯಸ್ಸು 398 ದಿನ ಇತ್ತು. ಪ್ರಮಾಣಪತ್ರ ಕೊಡುವವರು ಮತ್ತು ಬ್ರೌಸರ್ ತಯಾರಕರ ವೇದಿಕೆ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದ ಪ್ರಕಾರ 2026ರ ಮಾರ್ಚ್ 15ರಿಂದ ಅದು 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ನವೀಕರಿಸುತ್ತಿದ್ದುದನ್ನು ಎಂಟು ಸಲ ಮಾಡಬೇಕಾಗುತ್ತದೆ. ಅವಧಿ ಮುಗಿಯುತ್ತಿದೆ ಎಂದು ನಿಗಾ ವ್ಯವಸ್ಥೆ ನೆನಪಿಸುತ್ತದೆ, ನವೀಕರಿಸುವ ಕೆಲಸ ಅದರದ್ದಲ್ಲ. ಅದಕ್ಕೆ ಬೇರೆಯೇ ಸ್ವಯಂಚಾಲಿತ ಏರ್ಪಾಡು ಬೇಕು, ಅದರ ಉಳಿತಾಯವನ್ನು ಈ ಪತ್ರಕ್ಕೆ ಸೇರಿಸಬಾರದು.

ಪತ್ರ ಚೆನ್ನಾಗಿದ್ದರೂ ನಿರ್ದೇಶಕರು ಪೂರ್ತಿ ಒಪ್ಪುತ್ತಾರೆಂದೇನಿಲ್ಲ. ‘ಮೊದಲು ಹತ್ತು ಯಂತ್ರಕ್ಕೆ ಹಾಕಿ ತೋರಿಸಿ’ ಎನ್ನಬಹುದು. ಒಪ್ಪಿಕೊಳ್ಳುವುದೇ ಸರಿ, ಆದರೆ ಗಂಟೆಗಳ ಗುರಿಗೆ ಮಾತ್ರ ತಲೆಯಾಡಿಸಬಾರದು. ಹತ್ತು ಯಂತ್ರ ಬಿಟ್ಟರೂ ಉಳಿದ ಮೂವತ್ತಕ್ಕೆ ಬೆಳಗಿನ ಸುತ್ತು ಇದ್ದೇ ಇರುತ್ತದೆ. ದಿನಕ್ಕೆ ಉಳಿಯುವುದು ಅರ್ಧ ಗಂಟೆ, ಟೂಲನ್ನು ಪಳಗಿಸುವುದರಲ್ಲೇ ಅದೂ ಮುಗಿಯುತ್ತದೆ. ಆ ಮೂರು ತಿಂಗಳಲ್ಲಿ ಅಳೆಯಬೇಕಾದ್ದು ಒಂದನ್ನೇ: ಹತ್ತು ಯಂತ್ರಗಳಲ್ಲಿ ಏನಾದರೂ ಕೆಟ್ಟಾಗ ವಿಭಾಗಕ್ಕೆ ಗೊತ್ತಾಗಲು ಎಷ್ಟು ನಿಮಿಷ ಹಿಡಿಯಿತು, ಮೂವತ್ತರಲ್ಲಿ ಎಷ್ಟು ಹಿಡಿಯಿತು. ಎರಡು ಕಾಲಂ ಅಕ್ಕಪಕ್ಕ ಇಟ್ಟು ಉಳಿದ ಮೂವತ್ತಕ್ಕೆ ಮತ್ತೆ ಅರ್ಜಿ ಹಾಕಬಹುದು.