ದಪ್ಪ ಜಾಕೆಟ್ಟಿನ ಒಳಗೇನಿದೆ?

ಚಳಿಗಾಲದ ಜಾಕೆಟ್ ಮೈಯನ್ನು ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ತುಂಬಿರುವುದು ಪಾಲಿಯೆಸ್ಟರ್ ಎಳೆಯಾಗಲಿ, ಬಾತುಕೋಳಿಯ ಪುಕ್ಕವಾಗಲಿ, ಆ ಗಾಳಿಯನ್ನು ಅಲುಗದಂತೆ ನಿಲ್ಲಿಸುವುದೇ ಅದರ ಕೆಲಸ. ಆದ್ದರಿಂದ ದಿಲ್ಲಿಯ ಸರೋಜಿನಿ ನಗರದಂಥ ಬೀದಿ ಮಾರುಕಟ್ಟೆಯಲ್ಲಿ ಹಳೆಯ ಜಾಕೆಟ್ ಕೊಳ್ಳುವಾಗ ತೂಕವನ್ನು ನಂಬಬಾರದು. ಭಾರವೆಲ್ಲ ಹೊರಬಟ್ಟೆಯದೂ ಜಿಪ್ಪಿನದೂ ಆಗಿರಬಹುದು.

ನೋಡಬೇಕಾದದ್ದು ಉಬ್ಬು. ಹಳೆಯ ಬಟ್ಟೆಗಳು ಬಿಗಿಯಾಗಿ ಒತ್ತಿ ಕಟ್ಟಿದ ಮೂಟೆಗಳಲ್ಲಿ ಬರುವುದರಿಂದ ಒಳ್ಳೆಯ ಜಾಕೆಟ್ಟೂ ಮೊದಲಿಗೆ ಚಪ್ಪಟೆಯಾಗಿ ಕಾಣುತ್ತದೆ. ಅದನ್ನು ಚೆನ್ನಾಗಿ ಕೊಡವಿ, ಒಂದೆರಡು ನಿಮಿಷ ಬಿಟ್ಟು, ಎದೆಯ ಭಾಗವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಬೇಕು. ಜೀವವಿರುವ ಎಳೆ ಮತ್ತೆ ಮೇಲೇಳುತ್ತದೆ, ಸತ್ತ ಎಳೆ ಮುದುಡಿಯೇ ಉಳಿಯುತ್ತದೆ. ಇದೇ ಪರೀಕ್ಷೆಯನ್ನು ಹೆಗಲ ಮೇಲೂ ಮಾಡುವುದು ಮುಖ್ಯ, ಏಕೆಂದರೆ ಬ್ಯಾಗಿನ ಪಟ್ಟಿ ಒತ್ತಿ ಮೊದಲು ಸವೆಯುವುದು ಅಲ್ಲಿಯೇ. ಎದೆ ಉಬ್ಬಿದ್ದು ಹೆಗಲು ತೆಳುವಾಗಿದ್ದರೆ ಆ ಜಾಕೆಟ್ ಸಾಕಷ್ಟು ದುಡಿದಿದೆ ಎಂದರ್ಥ.

ಬಳಿಕ ಜಾಕೆಟ್ಟನ್ನು ಬಿಸಿಲಿಗೆ ಹಿಡಿದು ನೋಡಬಹುದು. ತೆಳುಬಣ್ಣದ್ದಾದರೆ ಎಲ್ಲಿ ತುಂಬು ಇಲ್ಲವೋ ಅಲ್ಲಿ ಬೆಳಕು ತೂರಿ ಬರುತ್ತದೆ. ಕಪ್ಪುಬಣ್ಣದ್ದನ್ನು ಬೆರಳುಗಳ ನಡುವೆ ತಡವಿಯೇ ತಿಳಿಯಬೇಕು. ಪುಕ್ಕದ ಜಾಕೆಟ್ಟಿನಲ್ಲಿ ಸಿಗುವ ಗಂಟುಗಳು ಒಗೆದು ಸರಿಯಾಗಿ ಒಣಗಿಸದ ಗುರುತು. ಅವನ್ನು ಮತ್ತೆ ಒಣಗಿಸುತ್ತ, ಆಗಾಗ ತಟ್ಟಿ ಬಿಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತವೆ. ಚಪ್ಪಟೆಯಾದ ಪಾಲಿಯೆಸ್ಟರ್ ಹಾಗೆ ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ. ಅಡ್ಡಲಾಗಿ ಹಾಕಿದ ಹೊಲಿಗೆಯ ಗೆರೆಗಳನ್ನೂ ಗಮನಿಸಬೇಕು. ಹೊರಬಟ್ಟೆ, ತುಂಬು, ಒಳಬಟ್ಟೆ ಮೂರನ್ನೂ ಸೇರಿಸಿ ಹೊಲಿದ ಗೆರೆಯಲ್ಲಿ ಉಬ್ಬೇ ಇರುವುದಿಲ್ಲ, ಚಳಿ ನುಸುಳುವುದು ಅಲ್ಲಿಂದಲೇ. ಗೆರೆಗಳು ತೀರಾ ಒತ್ತೊತ್ತಾಗಿದ್ದರೆ ಶಾಖ ಕಡಿಮೆ, ತೀರಾ ದೂರವಿದ್ದರೆ ತುಂಬು ಜಾರಿ ಕೆಳಗೆ ಕೂರುತ್ತದೆ.

ಗಾಳಿಯನ್ನು ತಡೆಯದ ಬಟ್ಟೆಯಲ್ಲಿ ಇಷ್ಟೆಲ್ಲ ಇದ್ದೂ ವ್ಯರ್ಥ. ಬಟ್ಟೆಗೆ ಬಾಯಿಟ್ಟು ಊದಿದಾಗ ಉಸಿರು ಆಚೆ ಬದಿಯ ಅಂಗೈಗೆ ಸಲೀಸಾಗಿ ತಾಗಿದರೆ, ಬೈಕಿನ ಮೇಲೆ ಆ ಜಾಕೆಟ್ ನಿಲ್ಲದು.

ಲೈನಿಂಗ್ ಹರಿಯುವುದು ಹೆಚ್ಚಾಗಿ ಕಂಕುಳಲ್ಲಿ, ಜೇಬಿನ ಒಳಗೆ. ತೋಳನ್ನು ಮಗುಚಿ ನೋಡದೆ ಅದು ಕಾಣುವುದಿಲ್ಲ. ಒಳಮೈಯಲ್ಲಿ ನೀರು ತಡೆಯುವ ಲೇಪನ ಅಂಟಂಟಾಗಿದ್ದರೆ ಅಥವಾ ಪುಡಿಯಾಗಿ ಉದುರುತ್ತಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡುವುದೇ ಲೇಸು, ಆ ಕೊಳೆತವನ್ನು ಯಾರೂ ಸರಿಮಾಡಲಾರರು.

ಕೊನೆಗೆ ಕಂಕುಳ ಹೊಲಿಗೆಯ ಎರಡೂ ಬದಿಯನ್ನು ಹಿಡಿದು ಮೆಲ್ಲಗೆ ಎಳೆಯಬೇಕು. ದಾರ ಹಲ್ಲಿನಂತೆ ಇಣುಕಿದರೆ ಹೊಲಿಗೆ ಸಡಿಲ. ದರ್ಜಿ ಇನ್ನೊಂದು ಸಾಲು ಹೊಲಿದುಕೊಡುತ್ತಾನೆ. ದಾರ ಗಟ್ಟಿಯಾಗಿದ್ದು ಬಟ್ಟೆಯ ನೂಲೇ ಸರಿದು ಸಂದು ಬಿಟ್ಟರೆ ಬಟ್ಟೆಯೇ ದುರ್ಬಲವಾಗಿದೆ. ಅಲ್ಲಿ ಎಷ್ಟು ಸಲ ಹೊಲಿದರೂ ಪಕ್ಕದಲ್ಲೇ ಮತ್ತೆ ಬಿಡುತ್ತದೆ.